ರೀಡ್‌ಮಿಯ ಮೊದಲ ಸಾಲು
ವಿದ್ಯಾರ್ಥಿಗಳ ಎಷ್ಟೋ README.md ಕಡತಗಳು ‘ಇದು ನನ್ನ ಅಂತಿಮ ವರ್ಷದ ಪ್ರಾಜೆಕ್ಟ್, ರಿಯಾಕ್ಟ್ ಮತ್ತು ನೋಡ್ ಬಳಸಿದ್ದೇನೆ’ ಎಂದೇ ಶುರುವಾಗುತ್ತವೆ. ಕೆಲಸಕ್ಕೆ ಆಯ್ಕೆ ಮಾಡುವವರಿಗೆ ಮೊದಲು ಬೇಕಿರುವುದು ಅದಲ್ಲ. ‘ಹಾಸ್ಟೆಲ್ ಮೆಸ್‌ನಲ್ಲಿ ನಾಳೆ ಎಷ್ಟು ಜನ ಊಟಕ್ಕಿದ್ದಾರೆಂದು ಹಿಂದಿನ ರಾತ್ರಿಯೇ ಅಡುಗೆಯವರಿಗೆ ತಿಳಿಸುವ ಆ್ಯಪ್’ ಎಂದು ಬರೆಯಿರಿ, ಕೆಳಗೇ ಒಂದು ಸ್ಕ್ರೀನ್‌ಶಾಟ್ ಇಡಿ. ನಾಲ್ವರು ಸೇರಿ ಮಾಡಿದ್ದರೆ ನಿಮ್ಮ ಪಾಲು ಯಾವುದೆಂದು ಬಿಡಿಸಿ ಹೇಳಿ. ತಂತ್ರಜ್ಞಾನದ ಪಟ್ಟಿ ಆಮೇಲೆ ಬರಲಿ. ಬಹಳಷ್ಟು ಮಂದಿ ಎಡವುವುದು ಆ್ಯಪ್ ಓಡಿಸುವ ವಿಧಾನ ಬರೆಯುವಲ್ಲಿ. `npm install`, `npm start` ಎಂದಷ್ಟೇ ಬರೆದರೂ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿಯೇ ಓಡುತ್ತದೆ, ಏಕೆಂದರೆ ಡೇಟಾಬೇಸ್‌ನ ಗುಟ್ಟು ಇರುವ `.env` ಕಡತ ನಿಮ್ಮಲ್ಲಿದೆ; ಬೇರೆಯವರಲ್ಲಿ ಇರುವುದಿಲ್ಲ. ಅದು ಗಿಟ್‌ಹಬ್‌ಗೆ ಹೋಗಬಾರದು, ನಿಜ. ಬದಲಿಗೆ ವೇರಿಯಬಲ್‌ಗಳ ಹೆಸರುಗಳಷ್ಟೇ ಇರುವ `.env.example` ಸೇರಿಸಿ. ಅರ್ಜಿ ಕಳಿಸುವ ಮುನ್ನ ಗೆಳೆಯರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಹೊಸದಾಗಿ ಕ್ಲೋನ್ ಮಾಡಿಸಿ, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ.