ಮಳೆ ಮಂತ್ರದ ಸಾಲ ಯಾರ ಹೆಸರಿಗೆ?

ಗಜೇಂದ್ರಗಡದ ಯುವಕನೊಬ್ಬ ಐದು ಸಂಪುಟಗಳ ಮಾಯಾ ಕಾದಂಬರಿ ಬರೆಯುತ್ತಿದ್ದಾನೆ. ಮೂರನೆಯ ಸಂಪುಟದ ಹಸ್ತಪ್ರತಿಯನ್ನು ನನಗೆ ಓದಲು ಕೊಟ್ಟಿದ್ದ. ಕಥೆ ನಡೆಯುವುದು ನಮ್ಮದೇ ಸೀಮೆಯನ್ನು ಹೋಲುವ ಒಂದು ನಾಡಿನಲ್ಲಿ. ಅಲ್ಲಿ ಗುಡ್ಡದ ಮೇಲೊಂದು ಕೋಟೆಯಿದೆ, ಕೆಳಗೆ ಕಣ್ಣು ಹಾಯುವವರೆಗೂ ಎರೆ ಹೊಲವಿದೆ, ಮೂರು ವರ್ಷಗಳಿಂದ ಮಳೆಯಿಲ್ಲ. ಜನ ಗುಳೆ ಹೊರಟಿದ್ದಾರೆ. ಆಗ ನಾಯಕ ಕೋಟೆಯ ಬುರುಜು ಹತ್ತಿ ಒಂದು ಮಂತ್ರ ಹೇಳುತ್ತಾನೆ. ಮೋಡ ಕವಿದು ಮಳೆ ಸುರಿಯುತ್ತದೆ, ಹಳ್ಳಗಳು ತುಂಬಿ ಹರಿಯುತ್ತವೆ. ಮುಂದಿನ ಅಧ್ಯಾಯದಲ್ಲಿ ನಾಯಕನ ಮದುವೆ!

‘ಈ ಮಂತ್ರ ಅವನಿಗೆ ಗೊತ್ತಿತ್ತಲ್ಲ, ಮೂರು ವರ್ಷ ಏಕೆ ಸುಮ್ಮನಿದ್ದ?’ ಎಂದು ಕೇಳಿದೆ. ಹುಡುಗ ನಕ್ಕ. ‘ಅಲ್ರೀ ಸರ, ಮಂತ್ರ ಅಂದಮ್ಯಾಲ ಅದಕ್ಕ ಲೆಕ್ಕ ಯಾಕ ಬೇಕ್ರೀ? ಲೆಕ್ಕ ಕೇಳೋದು ಇಂಗ್ಲಿಷಿನವರ ಚಟ. ನಮ್ಮ ಕಥೀ ಒಳಗ ಏನ್ ಬೇಕಾದ್ರೂ ಆಗತೈತಿ’ ಎಂದ.

ಈ ಮಾತು ಅವನೊಬ್ಬನದೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಪುರಾಣ ಕಥೆಗಳಲ್ಲಿ ಮಂತ್ರಕ್ಕೆ ಕಟ್ಟುಪಾಡಿಲ್ಲ, ಕಟ್ಟುಪಾಡನ್ನು ಕಂಡುಹಿಡಿದವರು ಇತ್ತೀಚಿನ ಅಮೆರಿಕದ ಕಾದಂಬರಿಕಾರರು ಎಂಬ ಅಭಿಪ್ರಾಯವನ್ನು ಓದುಬರಹ ಬಲ್ಲವರ ಬಾಯಲ್ಲೂ ಕೇಳಿದ್ದೇನೆ. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ನಾಚಿಕೆಯಿಂದ. ಇಬ್ಬರೂ ತಪ್ಪುತ್ತಾರೆ. ಅದರಲ್ಲೂ ಗದುಗಿನ ನಾರಣಪ್ಪನ ಜಿಲ್ಲೆಯಲ್ಲಿ ಕುಳಿತು, ರೋಣದ ಹಳ್ಳಿಗಳಲ್ಲಿ ಬೆಳತನಕ ದೊಡ್ಡಾಟ ನೋಡಿ ಬೆಳೆದವರು ಈ ಮಾತು ಆಡಬಾರದು.

ಕರ್ಣನ ಶಕ್ತಿಯನ್ನೇ ತೆಗೆದುಕೊಳ್ಳಿ. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರ ಕರ್ಣನ ಕವಚ ಕುಂಡಲಗಳನ್ನು ಬೇಡುತ್ತಾನೆ. ಬರುವವನು ಯಾರು, ಏಕೆ ಬರುತ್ತಾನೆ ಎಂಬುದನ್ನು ಸೂರ್ಯ ಮೊದಲೇ ಹೇಳಿರುತ್ತಾನೆ. ಆದರೂ ಕರ್ಣ ಇಲ್ಲ ಎನ್ನುವುದಿಲ್ಲ. ಹುಟ್ಟಿನಿಂದ ಮೈಗಂಟಿ ಬಂದ ಕವಚವನ್ನು ತನ್ನ ಕೈಯಿಂದಲೇ ಕೊಯ್ದು ಕೊಡುತ್ತಾನೆ, ಬದಲಿಗೆ ಶಕ್ತ್ಯಾಯುಧವನ್ನು ಪಡೆಯುತ್ತಾನೆ. ಇಂದ್ರ ಅದನ್ನು ಸುಮ್ಮನೆ ಕೊಡುವುದಿಲ್ಲ, ಷರತ್ತು ಹಾಕಿ ಕೊಡುತ್ತಾನೆ. ಅದು ಒಬ್ಬನನ್ನು ಮಾತ್ರ ಕೊಲ್ಲುತ್ತದೆ. ಕೊಂದ ಮೇಲೆ ಇಂದ್ರನ ಕೈಗೆ ಮರಳುತ್ತದೆ. ಬೇರೆ ಆಯುಧಗಳು ಕೈಯಲ್ಲಿದ್ದು, ಪ್ರಾಣಕ್ಕೆ ಸಂಚಕಾರವಿಲ್ಲದಾಗ ಎಸೆದರೆ ಅದು ಎಸೆದವನ ಮೇಲೆಯೇ ಬೀಳುತ್ತದೆ.

ಇದಕ್ಕಿಂತ ಬಿಗಿಯಾದ ಮಂತ್ರವಿಧಿ ಯಾವ ಕಾದಂಬರಿಯಲ್ಲಿದೆ? ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ ಎಂಬುದನ್ನು ಗಮನಿಸಬೇಕು. ಒಂದೇ ಸಲ ಬಳಸಬಹುದು ಎಂಬುದು ಮಿತಿ. ಅದಕ್ಕಾಗಿ ಕವಚ ಹೋಯಿತು ಎಂಬುದು ಬೆಲೆ. ಮಿತಿ ಎಂದರೆ ಮಂತ್ರ ಏನನ್ನು ಮಾಡಲಾರದು ಎಂಬುದು. ಬೆಲೆ ಎಂದರೆ ಮಾಡಿದ ಮೇಲೆ ನಿಮ್ಮ ಬಳಿ ಏನು ಉಳಿಯುವುದಿಲ್ಲ ಎಂಬುದು. ನಮ್ಮ ಹೊಸ ಬರಹಗಾರರು ಇವೆರಡನ್ನೂ ಒಂದೇ ಎಂದುಕೊಂಡು ಎಡವುತ್ತಾರೆ.

ಕರ್ಣ ಆ ಶಕ್ತಿಯನ್ನು ಅರ್ಜುನನಿಗೆಂದೇ ಕಾದಿಟ್ಟ. ಹದಿನಾಲ್ಕನೆಯ ದಿನದ ಕಾಳಗ ಸೂರ್ಯ ಮುಳುಗಿದರೂ ನಿಲ್ಲಲಿಲ್ಲ. ರಾತ್ರಿಯಲ್ಲಿ ಬಲ ಹೆಚ್ಚುವ ಘಟೋತ್ಕಚನನ್ನು ಕೃಷ್ಣ ಕರ್ಣನ ಎದುರಿಗೆ ಬಿಟ್ಟ. ಕೌರವ ಸೈನ್ಯ ದಿಕ್ಕೆಟ್ಟಿತು. ‘ಈ ರಾತ್ರಿ ಬದುಕಿದರೆ ತಾನೆ ನಾಳೆ ಅರ್ಜುನ’ ಎಂದು ಸುತ್ತಲಿನವರು ಕರ್ಣನಿಗೆ ದುಂಬಾಲು ಬಿದ್ದರು. ಅವನು ಎಸೆದ. ಘಟೋತ್ಕಚ ಬಿದ್ದ. ಪಾಂಡವರು ಅಳುತ್ತಿರುವಾಗ ಕೃಷ್ಣ ಕುಣಿದಾಡಿದ. ಇದೆಂಥ ಸಂತೋಷ ಎಂದು ಅರ್ಜುನ ಕೇಳಿದಾಗ ಕೃಷ್ಣ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟೇ: ಆ ಶಕ್ತಿ ಕೈಬಿಟ್ಟ ಕ್ಷಣವೇ ಕರ್ಣ ಸತ್ತಂತೆ.

ಆ ಆಯುಧಕ್ಕೆ ಷರತ್ತಿಲ್ಲದಿದ್ದರೆ ಈ ರಾತ್ರಿಯ ಕಥೆಯೇ ಇಲ್ಲ. ಕರ್ಣ ತಾನು ಕಾಳಗಕ್ಕೆ ಇಳಿದ ದಿನವೇ ಅರ್ಜುನನನ್ನು ಕೊಂದು ಮನೆಗೆ ಹೋಗುತ್ತಿದ್ದ. ಘಟೋತ್ಕಚನನ್ನು ಕಳುಹಿಸುವ ಅಗತ್ಯವೇ ಬರುತ್ತಿರಲಿಲ್ಲ. ಆಟದ ರಂಗದಲ್ಲಿ ಕರ್ಣ ಆಯುಧವನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡುವ ಆ ಗಳಿಗೆಯಲ್ಲಿ ಮುದುಕರೂ ಬೀಡಿ ಸೇದುವುದನ್ನು ಮರೆಯುತ್ತಾರಲ್ಲ, ಅದು ಮಂತ್ರದ ಬಲ ಕಂಡಲ್ಲ. ಎಸೆದರೆ ಏನು ಹೋಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುವುದರಿಂದ. ಬೆಲೆಯನ್ನು ಮುಂಚೆಯೇ ಸಾರಿರಬೇಕು ಎಂಬುದು ಇದಕ್ಕೇ. ಎಸೆದಾದ ಮೇಲೆ ‘ಅಂದಹಾಗೆ ಇದು ಒಂದೇ ಸಲ’ ಎಂದು ಕವಿ ಹೇಳಿದರೆ ಅದು ಮೋಸವಾಗುತ್ತದೆ.

ಇನ್ನೊಂದು ಕಹಿ ಸಂಗತಿಯೂ ಇಲ್ಲಿದೆ. ಶಕ್ತಿಯ ಬೆಲೆ ತೆತ್ತವನು ಕರ್ಣನೊಬ್ಬನೇ ಅಲ್ಲ. ಅರ್ಜುನ ಉಳಿಯಲೆಂದು ಹಿಡಿಂಬೆಯ ಮಗ, ಕಾಡಿನ ಹುಡುಗ, ಸತ್ತ. ರಾಜ್ಯದಲ್ಲಿ ಅವನಿಗೆ ಪಾಲಿರಲಿಲ್ಲ, ಹಸ್ತಿನಾವತಿಯ ಜಗಳಕ್ಕೆ ಅವನು ವಾರಸುದಾರನೂ ಅಲ್ಲ. ಬಲ್ಲವರು ಬೆಲೆಯನ್ನು ಬಡವರ ತಲೆಗೆ ದಾಟಿಸುತ್ತಾರೆ ಎಂಬುದನ್ನು ಭಾರತ ಮುಚ್ಚಿಡುವುದಿಲ್ಲ, ಕೃಷ್ಣನನ್ನು ಕುಣಿಸಿಯೇ ತೋರಿಸುತ್ತದೆ.

ಇದೊಂದೇ ಅಲ್ಲ. ತಂದೆ ದ್ರೋಣ ಸತ್ತ ಸಿಟ್ಟಿನಲ್ಲಿ ಅಶ್ವತ್ಥಾಮ ನಾರಾಯಣಾಸ್ತ್ರ ಬಿಡುತ್ತಾನೆ. ಎದುರಿಸಿದಷ್ಟೂ ಅದು ಬೆಳೆಯುತ್ತದೆ. ಆಯುಧ ಕೆಳಗಿಟ್ಟು, ರಥದಿಂದ ಇಳಿದವರಿಗೆ ಅದು ಏನೂ ಮಾಡದು. ಕೃಷ್ಣನ ಮಾತು ಕೇಳಿ ಪಾಂಡವ ಸೈನ್ಯ ಹಾಗೆಯೇ ಮಾಡಿ ಉಳಿಯುತ್ತದೆ. ಇನ್ನೊಮ್ಮೆ ಬಿಡು ಎಂದು ದುರ್ಯೋಧನ ಒತ್ತಾಯಿಸಿದಾಗ ಅಶ್ವತ್ಥಾಮ ಒಪ್ಪುವುದಿಲ್ಲ, ಎರಡನೆಯ ಸಲ ಬಿಟ್ಟರೆ ಅದು ಬಿಟ್ಟವನನ್ನೇ ಕೊಲ್ಲುತ್ತದೆ. ಇದನ್ನೇ ಟಿ.ವಿ. ಧಾರಾವಾಹಿಯಲ್ಲಿ ನೋಡಿ. ಅತ್ತಿಂದ ಒಂದು ಬಾಣ, ಇತ್ತಿಂದ ಒಂದು ಬಾಣ, ಆಕಾಶದಲ್ಲಿ ಡಿಕ್ಕಿ, ಒಂದಿಷ್ಟು ಬೆಳಕು, ಆಮೇಲೆ ಜಾಹೀರಾತು. ನಮ್ಮ ಯುವಕರು ಮಂತ್ರ ಕಲಿತದ್ದು ಕುಮಾರವ್ಯಾಸನಿಂದಲ್ಲ, ಈ ಡಿಕ್ಕಿಯಿಂದ. ಆಮೇಲೆ ‘ನಮ್ಮ ಕಥೆಗಳಲ್ಲಿ ಲೆಕ್ಕವಿಲ್ಲ’ ಎನ್ನುತ್ತಾರೆ.

ಹಾಗಾದರೆ ಇಂಗ್ಲಿಷಿನವರು ಮಾಡಿದ್ದೇನು? ಬ್ರ್ಯಾಂಡನ್ ಸ್ಯಾಂಡರ್‌ಸನ್ ಎಂಬ ಅಮೆರಿಕದ ಕಾದಂಬರಿಕಾರ 2007ರಲ್ಲಿ ಒಂದು ಸೂತ್ರ ಬರೆದ. ಓದುಗನಿಗೆ ಮಂತ್ರದ ನಿಯಮ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಆ ಮಂತ್ರದಿಂದ ಕಥೆಯ ತೊಡಕು ಬಿಡಿಸಬಹುದು ಎಂಬುದು ಅದರ ಸಾರ. ಒಳ್ಳೆಯ ಸೂತ್ರ. 2006ರಲ್ಲಿ ಆರಂಭವಾದ ಅವನ ‘ಮಿಸ್ಟ್‌ಬಾರ್ನ್’ ಮಾಲೆಯಲ್ಲಿ ಕೆಲವರು ಲೋಹದ ಚೂರನ್ನು ನುಂಗಿ, ಹೊಟ್ಟೆಯಲ್ಲೇ ಅದನ್ನು ಉರಿಸಿ ಬಲ ಪಡೆಯುತ್ತಾರೆ. ಉಕ್ಕು ನುಂಗಿದವನು ದೂರದ ಲೋಹವನ್ನು ತಳ್ಳಬಲ್ಲ. ತಳ್ಳಿದ ವಸ್ತು ತನಗಿಂತ ಭಾರವಾಗಿದ್ದರೆ ತಾನೇ ಹಿಂದಕ್ಕೆ ಹಾರುತ್ತಾನೆ. ನುಂಗಿದ್ದು ತೀರಿದರೆ ಬಲವೂ ತೀರಿತು. ಅಚ್ಚುಕಟ್ಟಾದ ಲೆಕ್ಕ.

ಆದರೆ ಈ ಸೂತ್ರವನ್ನು ಕಂಠಪಾಠ ಮಾಡಿದವರು ಇನ್ನೊಂದು ತುದಿಗೆ ಹೋಗಿದ್ದಾರೆ. ಪುಟಗಟ್ಟಲೆ ನಿಯಮ ಬರೆಯುತ್ತಾರೆ, ಬೆಲೆ ಎಂದರೆ ದಣಿವು ಎಂದುಕೊಳ್ಳುತ್ತಾರೆ. ಮಂತ್ರ ಹೇಳಿದ, ಮೂಗಿನಲ್ಲಿ ರಕ್ತ ಬಂತು, ಎಚ್ಚರ ತಪ್ಪಿದ, ಮರುದಿನ ಎದ್ದು ರೊಟ್ಟಿ ತಿಂದ. ಇದು ಬೆಲೆಯಲ್ಲ. ಹೊಲದಲ್ಲಿ ಕಳೆ ತೆಗೆದವಳಿಗೂ ಇಷ್ಟೇ ದಣಿವಾಗುತ್ತದೆ, ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ನಿದ್ದೆಯಿಂದ ತೀರುವ ಸಾಲ ಸಾಲವೇ ಅಲ್ಲ. ಬರಹಗಾರ ಒಡ್ಡಿದ ಬೆಲೆ ನಿಜವೋ ಸುಳ್ಳೋ ಎಂದು ತಿಳಿಯಬೇಕಾದರೆ ಐವತ್ತು ಪುಟ ಮುಂದೆ ತಿರುವಿ ನೋಡಿ. ಕಳೆದದ್ದು ಇನ್ನೂ ಕಳೆದೇ ಇದೆಯೇ?

ಅರ್ಸುಲಾ ಲೆಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ (1968) ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಗೆಡ್ ಎಂಬ ಹುಡುಗ ಮಾಂತ್ರಿಕರ ಶಾಲೆಯಲ್ಲಿ ಜೊತೆಯವನ ಮೇಲಿನ ಹಟಕ್ಕೆ ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅದರೊಂದಿಗೆ ಒಂದು ನೆರಳೂ ಈ ಲೋಕಕ್ಕೆ ನುಗ್ಗಿ ಅವನ ಮುಖ ಹರಿಯುತ್ತದೆ. ಬಿರುಕನ್ನು ಮುಚ್ಚಲು ಹೋದ ಹಿರಿಯ ಗುರು ತನ್ನ ಬಲವನ್ನೆಲ್ಲ ಸುರಿದು ಸಾಯುತ್ತಾನೆ. ಗೆಡ್‌ನ ಕೆನ್ನೆಯ ಗಾಯದ ಗುರುತು ಕೊನೆಯವರೆಗೂ ಮಾಯುವುದಿಲ್ಲ. ಟೋಲ್ಕಿನ್ ಅಂತೂ ತನ್ನ ಮಾಂತ್ರಿಕ ಗ್ಯಾಂಡಾಲ್ಫ್ ಏನು ಬಲ್ಲ, ಏನು ಅರಿಯ ಎಂಬ ನಿಯಮವನ್ನೇ ಹೇಳುವುದಿಲ್ಲ. ಆದರೆ ಉಂಗುರ ತೊಟ್ಟವನಿಗೆ ಏನಾಗುತ್ತದೆ ಎಂಬುದನ್ನು ಮೊದಲ ಭಾಗದಲ್ಲೇ ಹೇಳಿಬಿಡುತ್ತಾನೆ. ಉಂಗುರ ಕರಗಿದ ಮೇಲೂ ಫ್ರೋಡೋಗೆ ಸ್ವಂತ ಊರಿನಲ್ಲಿ ಬಾಳಲಾಗುವುದಿಲ್ಲ. ನಿಯಮ ಹೇಳದೆಯೂ ದೊಡ್ಡ ಕಥೆ ನಿಲ್ಲಬಹುದು, ಬೆಲೆ ಹೇಳದೆ ನಿಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಉರ್ದು ಬಲ್ಲ ಓದುಗರು ‘ತಿಲಿಸ್ಮೆ ಹೋಶ್‌ರುಬಾ’ವನ್ನು ಮರೆತಿರಲಾರರು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿದ ಆ ಮಾಯಾಲೋಕದಲ್ಲಿ ಸಾವಿರಾರು ಜಾದೂಗಾರರಿದ್ದಾರೆ. ಆದರೂ ಪ್ರತಿ ತಿಲಿಸ್ಮಿಗೂ ಅದನ್ನು ಒಡೆಯುವವನು ಯಾರೆಂಬುದು ಮೊದಲೇ ಗೊತ್ತಾಗಿರುತ್ತದೆ, ಒಡೆಯುವ ವಿಧಾನ ತಿಳಿಸುವ ಲೌಹ್ ಎಂಬ ಫಲಕ ಎಲ್ಲೋ ಅಡಗಿರುತ್ತದೆ. ಮಾಯೆ ಕಟ್ಟಿದವನು ತನ್ನ ಅಂತ್ಯದ ಬೀಗದ ಕೈಯನ್ನೂ ಜೊತೆಗೇ ಮಾಡಿಟ್ಟಿರುತ್ತಾನೆ.

ಈಗ ಆ ಮಳೆಗೆ ಬರೋಣ. ಹುಡುಗನಿಗೆ ನರಗುಂದದ ಉದಾಹರಣೆ ಕೊಟ್ಟೆ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ ಮಲಪ್ರಭೆಯನ್ನು ಕಾಲುವೆಗೆ ತಿರುಗಿಸಿದಾಗ ನಮ್ಮ ಹಿರಿಯರಿಗೆ ಅದು ಮಾಯೆಯೇ ಆಗಿತ್ತು. ಆದರೆ ನೀರಿನ ಹಿಂದೆಯೇ ನೀರಿನ ಕರ ಬಂತು, ಅಭಿವೃದ್ಧಿ ಕರ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರದ ನೋಟೀಸು ಬಂತು. 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರು ಸಿಡಿದೆದ್ದರು, ಗೋಲಿಬಾರಿನಲ್ಲಿ ಜೀವ ಹೋಯಿತು. ಆಮೇಲೆ ಮಲಪ್ರಭೆಗೇ ನೀರು ಸಾಲದಾಗಿ, ಮಹದಾಯಿಯ ಹಳ್ಳಗಳನ್ನು ಇತ್ತ ತಿರುಗಿಸಿ ಎಂದು 2015ರಲ್ಲಿ ಅದೇ ನರಗುಂದದಲ್ಲಿ ಧರಣಿ ಕುಳಿತರು. ಅತ್ತ ಗೋವಾದವರು ಅದು ತಮ್ಮ ನೀರು ಎಂದರು. ಒಂದು ಹನಿಯೂ ಲೆಕ್ಕವಿಲ್ಲದೆ ಇಲ್ಲಿಗೆ ಬಂದದ್ದಿಲ್ಲ. ಹೀಗಿರುವಾಗ ಈ ಊರಿನ ಓದುಗ ನಿನ್ನ ಬಿಟ್ಟಿ ಮಳೆಯನ್ನು ನಂಬುತ್ತಾನೆಯೇ?

ಮಂತ್ರ ಮಳೆಯನ್ನು ಹುಟ್ಟಿಸುವುದಿಲ್ಲ, ಎಳೆದು ತರುತ್ತದೆ ಎಂದು ಮೊದಲ ಸಂಪುಟದಲ್ಲೇ ಹೇಳಿಬಿಡು ಎಂದೆ. ಇಲ್ಲಿ ಒಂದು ದಿನ ಸುರಿದರೆ ಮತ್ತೆಲ್ಲೋ ಒಂದು ಊರಿಗೆ ಒಂದು ವರ್ಷ ಮೋಡ ಬರುವುದಿಲ್ಲ. ಯಾವ ಊರಿಗೆ ಎಂಬುದು ಹೇಳುವವನಿಗೆ ಮುಂಚೆ ತಿಳಿಯುವುದಿಲ್ಲ. ಆಗ ನಿನ್ನ ನಾಯಕ ಮೂರು ವರ್ಷ ಸುಮ್ಮನಿದ್ದುದಕ್ಕೆ ಕಾರಣ ಸಿಗುತ್ತದೆ. ಬುರುಜು ಹತ್ತುವಾಗ ಅವನ ಕಾಲು ನಡುಗುತ್ತದೆ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಹಸ್ತಪ್ರತಿ ಎತ್ತಿಕೊಂಡು ಹೊಸ್ತಿಲು ದಾಟಿದವನು ತಿರುಗಿ ನಿಂತ. ‘ಸರ, ನಾಲ್ಕನೇ ಸಂಪುಟದಾಗ ಅವನ ಹೆಂಡ್ತಿ ತವರುಮನೀ ಬರತೈತ್ರೀ. ಆ ಊರಿಗೇ ಮಳಿ ತಪ್ಪಿದ್ರ ಹ್ಯಾಂಗ್ರೀ?’ ಎಂದ.