ಹೆಸರಿನಲ್ಲಿ ‘ಆಯೋಗ’ ಬೇಡ

ಪ್ರಶ್ನೆ: ಗ್ರಾಹಕರಿಗೆ ದೂರು ಬರೆದುಕೊಡಲು ತಿಪಟೂರಿನ ನಾವು ಒಂಬತ್ತು ಮಂದಿ ಸೇರಿ ಸಂಘ ನೋಂದಾಯಿಸಬೇಕೆಂದಿದ್ದೇವೆ. ‘ತುಮಕೂರು ಜಿಲ್ಲಾ ಗ್ರಾಹಕ ಆಯೋಗ’ ಎಂಬ ಹೆಸರಿಗೆ ಅಡ್ಡಿಯುಂಟೆ?

ಉತ್ತರ: ಉಂಟು. ಗ್ರಾಹಕರ ವ್ಯಾಜ್ಯ ತೀರ್ಮಾನಿಸುವ ಜಿಲ್ಲಾ ‘ವೇದಿಕೆ’ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ‘ಆಯೋಗ’ ಎಂದೇ ಹೆಸರಿಟ್ಟಿದೆ. ನಿಮ್ಮ ಫಲಕ ಕಂಡವರು ತೀರ್ಪು ಕೊಡುವ ಜಾಗ ಇದೇ ಎಂದು ನಂಬಿ ದೂರು ಕೊಟ್ಟು ಕಾಯುತ್ತ ಕುಳಿತರೆ, ನಿಜವಾದ ಆಯೋಗಕ್ಕೆ ದೂರು ಸಲ್ಲಿಸುವ ಎರಡು ವರ್ಷಗಳ ಗಡುವು ಮೀರಿಹೋದೀತು.

ಸರ್ಕಾರದ ಆಶ್ರಯವನ್ನಾಗಲಿ, ಕಾನೂನಿನ ಪ್ರಕಾರ ಸರ್ಕಾರ ರಚಿಸಿದ ಸಂಸ್ಥೆಯ ನಂಟನ್ನಾಗಲಿ ಸೂಚಿಸುವ ಹೆಸರುಗಳನ್ನು ಲಾಂಛನ ಮತ್ತು ಹೆಸರುಗಳ ದುರುಪಯೋಗ ತಡೆಯುವ 1950ರ ಕಾಯ್ದೆಯೂ ನಿರ್ಬಂಧಿಸುತ್ತದೆ. ನೋಂದಣಾಧಿಕಾರಿ ನಿಮ್ಮ ಅರ್ಜಿಯನ್ನು ಹಿಂದಿರುಗಿಸಲು ಇಷ್ಟು ಸಾಕು.

‘ತಿಪಟೂರು ಗ್ರಾಹಕರ ನೆರವು ಸಂಘ’ ಎಂದಿಡಿ. ಸದಸ್ಯರೆಲ್ಲ ಒಂದೇ ಊರಿನವರಾದ್ದರಿಂದ ‘ಜಿಲ್ಲಾ’ ಎಂಬ ಮಾತೂ ಬೇಡ. ಆ ಹೆಸರಿನ ಸಂಘ ಮೊದಲೇ ಇದ್ದರೆ ಮುಂದೆ ‘ಶ್ರೀ’ ಅಥವಾ ‘ನವ’ ಸೇರಿಸಿದರೆ ಪ್ರಯೋಜನವಿಲ್ಲ. ಟಪಾಲು, ದೇಣಿಗೆ ಎರಡೂ ಅದಲುಬದಲಾಗುತ್ತವೆ. ಬಡಾವಣೆಯ ಹೆಸರನ್ನು ಸೇರಿಸಿ. ಇನ್ನೆರಡು ಹೆಸರುಗಳನ್ನೂ ಯೋಚಿಸಿಟ್ಟುಕೊಳ್ಳಿ. ನೋಂದಣಿ ಪತ್ರ ಕೈಗೆ ಬರುವವರೆಗೆ ಮೊಹರು, ಲೆಟರ್‌ಹೆಡ್ ಮಾಡಿಸಬೇಡಿ.