ದಾಕ್ಷಿಣ್ಯದ ಎರಡು ತುದಿ

ಕೋಲ್ಕತ್ತದ ಲೇಕ್ ಮಾರ್ಕೆಟ್‌ನಲ್ಲಿ ಬಾಳೆಲೆ, ಮಲ್ಲಿಗೆ, ಕಾಫಿಪುಡಿ ಕೊಂಡು ರಾಸ್‌ಬಿಹಾರಿ ಅವೆನ್ಯೂದಲ್ಲಿ ಬಸ್ಸು ಹತ್ತಿದರೆ ‘ಏಕ್ಟು ಚೆಪೆ ಬೋಶುನ್’ ಎಂಬ ಮಾತು ಕಿವಿಗೆ ಬೀಳದ ದಿನವಿಲ್ಲ. ಸ್ವಲ್ಪ ಒತ್ತಿಕೊಂಡು ಕೂತ್ಕೊಳ್ಳಿ ಎಂದರ್ಥ. ಬೆಂಗಳೂರಿನಲ್ಲಾದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’. ಎರಡೂ ಊರಿನಲ್ಲಿ ಕೋರಿಕೆ ‘ಸ್ವಲ್ಪ’ದಿಂದಲೇ ಶುರುವಾಗುತ್ತದೆ. ಕೊಡುವವರಿಗೆ ಅದು ಸ್ವಲ್ಪವೋ ಬಹಳವೋ ಎಂದು ಅವರು ಯೋಚಿಸುವ ಮೊದಲೇ ಕೇಳುವವರು ಅಳತೆ ಹೇಳಿ ಮುಗಿಸಿರುತ್ತಾರೆ.

ಇದು ನನಗೆ ಹೊಳೆದದ್ದು ಹೌರಾದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ. ಸ್ಲೀಪರ್ ಬೋಗಿಯಲ್ಲಿ ಅಮ್ಮನಿಗೆ ಮೇಲಿನ ಬರ್ತ್ ಬಂದಿತ್ತು. ಅರವತ್ತು ದಾಟಿದ ಗಂಡಸರಿಗೂ ನಲವತ್ತೈದು ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್ ಕೊಡುವ ವ್ಯವಸ್ಥೆ ರೈಲ್ವೆಯಲ್ಲಿದೆ, ಆದರೆ ಅದು ಖಾಲಿ ಇದ್ದರೆ ಮಾತ್ರ. ನಾವು ತಡವಾಗಿ ಬುಕ್ ಮಾಡಿದ್ದೆವು. ಕೆಳಗಿನ ಬರ್ತಿನಲ್ಲಿದ್ದ ಹುಡುಗನನ್ನು ಕೇಳಿದೆ. ಅವನು ಒಂದು ಕ್ಷಣ ತಡೆದು, ತನ್ನ ಚೀಲದತ್ತ ನೋಡಿ, ‘ಪರವಾಗಿಲ್ಲ ಆಂಟಿ’ ಎಂದ. ಮರುದಿನ ಬೆಳಿಗ್ಗೆ ಅವನು ಒಂದೊಂದೇ ಮೆಟ್ಟಿಲಿಗೆ ನಿಂತು ಇಳಿಯುವಾಗ ಅಂಗಿಯ ಕೆಳಗಿನ ಸೊಂಟದ ಪಟ್ಟಿ ಕಂಡಿತು. ಬೆನ್ನುನೋವಿಗೆಂದೇ ಕೆಳಗಿನ ಬರ್ತ್ ಕೇಳಿ ಪಡೆದಿದ್ದನಂತೆ. ‘ಹೇಳಬಾರದಿತ್ತೇನಪ್ಪಾ’ ಎಂದೆ. ‘ನೀವು ಅಮ್ಮನಿಗೆ ಅಂತ ಕೇಳಿದ್ರಲ್ಲ, ಆಗಲ್ಲ ಅನ್ನೋಕೆ ದಾಕ್ಷಿಣ್ಯ’ ಎಂದ.

ಅವನನ್ನು ಕೇಳುವ ಮೊದಲು ನನಗೂ ದಾಕ್ಷಿಣ್ಯವೇ ಆಗಿತ್ತು. ಕನ್ನಡದಲ್ಲಿ ಕೇಳಲಾಗದ ಸಂಕೋಚಕ್ಕೂ ಇಲ್ಲವೆನ್ನಲಾಗದ ಇಕ್ಕಟ್ಟಿಗೂ ಇದೊಂದೇ ಮಾತು. ಕೇಳುವವರಿಗೆ ತಮ್ಮ ಪಾಲಿನದು ಮಾತ್ರ ಕಾಣುತ್ತದೆ, ಎದುರಿನವರದು ಕಾಣುವುದಿಲ್ಲ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಅಪರಿಚಿತರಿಂದ ಐದು ಪ್ರಶ್ನಾವಳಿ ತುಂಬಿಸಬೇಕಿತ್ತು. ಸುಮಾರು ಇಪ್ಪತ್ತು ಜನರನ್ನು ಕೇಳಬೇಕಾದೀತು ಎಂದುಕೊಂಡಿದ್ದರು, ಹತ್ತು ಜನರಲ್ಲೇ ಕೆಲಸ ಮುಗಿಯಿತು. ಸಹಾಯಕ್ಕೆ ಎಷ್ಟು ಶ್ರಮವೆಂದು ಲೆಕ್ಕ ಹಾಕಿದವರು, ಮುಖ ನೋಡಿ ಇಲ್ಲವೆನ್ನುವುದು ಎಷ್ಟು ಕಷ್ಟವೆಂದು ಲೆಕ್ಕ ಹಾಕಿರಲಿಲ್ಲ.

‘ಕೇಳಿದರೆ ಜನ ಕೊಡುತ್ತಾರೆ, ಧೈರ್ಯವಾಗಿ ಕೇಳಿ’ ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ. ನನಗೆ ಕಾಣುವುದು ಬೇರೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ವಿದ್ಯಾರ್ಥಿಗಳು ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಯಾವ ಕಾರಣವನ್ನೂ ಕೊಡದೆ ಅಪರಿಚಿತರ ಸೀಟು ಕೇಳಿದರು. ಶೇಕಡಾ 68ರಷ್ಟು ಜನ ಎದ್ದರು, ಇಲ್ಲವೇ ಸರಿದು ಜಾಗ ಮಾಡಿದರು. ಸೀಟು ಕೇಳಲೋ ಬೇಡವೋ ಎಂದು ಇಬ್ಬರು ಮಾತಾಡಿಕೊಳ್ಳುವುದು ಮೊದಲೇ ಕಿವಿಗೆ ಬಿದ್ದಿದ್ದಾಗ ಈ ಪ್ರಮಾಣ ಶೇಕಡಾ 36ರ ಆಸುಪಾಸಿಗೆ ಇಳಿಯಿತು. ಸೀಟು ಅದೇ, ಕೋರಿಕೆಯೂ ಅದೇ. ಉತ್ತರ ಹುಡುಕಿಕೊಳ್ಳಲು ಕೊಂಚ ಬಿಡುವು ಸಿಕ್ಕಿತು, ಅಷ್ಟೆ. ಹಾಗಾದರೆ ಮೊದಲು ಎದ್ದವರಲ್ಲಿ ಎಷ್ಟೋ ಜನ ಮನಸ್ಸಾಗಿ ಎದ್ದವರಲ್ಲ, ಬಾಯಿಗೆ ಮಾತು ಬರದೆ ಎದ್ದವರು.

ಆದ್ದರಿಂದ ಅಪರಿಚಿತರು ‘ಆಯ್ತು’ ಎಂದದ್ದನ್ನೇ ಒಪ್ಪಿಗೆಯೆಂದು ಎಣಿಸುವ ಹಕ್ಕು ಕೇಳುವವರಿಗಿಲ್ಲ ಎಂಬುದು ನನ್ನ ವಾದ. ‘ಇಲ್ಲ’ ಎನ್ನಲು ದಾರಿ ಬಿಟ್ಟು ಕೇಳಬೇಕು. ಬದಲಿಗೆ ಕೊಡುವ ಬರ್ತ್ ಯಾವುದೆಂದು ಮೊದಲೇ ಹೇಳಬೇಕು. ಪಕ್ಕದ ಮೇಲಿನ ಬರ್ತನ್ನು ಕೊಡುವುದಾದರೆ ಅದನ್ನು ಮುಚ್ಚಿಡಬಾರದು, ಎತ್ತರದವರಿಗೆ ಅಲ್ಲಿ ಕಾಲು ಚಾಚಲು ಆಗುವುದಿಲ್ಲ. ಅವರ ಹಾಸಿಗೆಯ ತುದಿಯಲ್ಲಿ ಕೂತು ಕೇಳಬಾರದು. ಉತ್ತರಕ್ಕೆ ಸಮಯ ಕೊಡಬೇಕು. ಹೀಗೆ ಕೇಳಿದರೆ ‘ಇಲ್ಲ’ ಎನ್ನುವವರು ಹೆಚ್ಚುತ್ತಾರೆ, ನಿಜ. ಮಂಡಿ ನೋಯುವ ಅಮ್ಮನನ್ನು ಪಕ್ಕದಲ್ಲಿಟ್ಟುಕೊಂಡು ಅಷ್ಟು ಉದಾರವಾಗಿರಲು ಸಾಧ್ಯವೇ ಎಂದು ಕೇಳಬಹುದು. ಅಮ್ಮನ ಅಗತ್ಯ ಅಷ್ಟು ದೊಡ್ಡದಾಗಿದ್ದರೆ ಅದನ್ನು ಟಿಟಿಇ ಮುಂದೆ ಇಡಬೇಕು. ಖಾಲಿ ಉಳಿದ ಬರ್ತ್ ಯಾವುದೆಂದು ಅವರ ಬಳಿ ಲೆಕ್ಕವಿರುತ್ತದೆ, ಕೇಳಿದರೆ ಅವರಿಗೆ ದಾಕ್ಷಿಣ್ಯವೂ ಆಗುವುದಿಲ್ಲ.

ಮುಂದಿನ ಸಲ ಅದೇ ದಾರಿಯಲ್ಲಿ, ಕೆಳಗಿನ ಬರ್ತಿನಲ್ಲಿದ್ದ ಬಂಗಾಳಿ ಹೆಂಗಸಿಗೆ ನಮ್ಮ ಬರ್ತ್ ನಂಬರ್ ಹೇಳಿ, ‘ಖರಗ್‌ಪುರ ದಾಟಿದ ಮೇಲೆ ಯೋಚಿಸಿ ಹೇಳಿ, ಆಗದಿದ್ದರೆ ಟಿಟಿಇ ಹತ್ತಿರ ಕೇಳ್ತೀನಿ’ ಎಂದೆ. ಖರಗ್‌ಪುರ ಬರುವ ಮೊದಲೇ ಆಕೆ ‘ಹೋಬೆ ನಾ ದೀದಿ’ ಎಂದು ತಮ್ಮ ಮಂಡಿ ಮುಟ್ಟಿ ತೋರಿಸಿದರು. ಟಿಟಿಇ ಅಮ್ಮನಿಗೆ ಮುಂದಿನ ಬೋಗಿಯಲ್ಲಿ ಜಾಗ ಹುಡುಕಿಕೊಡುವವರೆಗೆ ಅಮ್ಮನೂ ಆಕೆಯೂ ಆ ಕೆಳಗಿನ ಬರ್ತಿನಲ್ಲೇ ಅಕ್ಕಪಕ್ಕ ಕೂತು, ಯಾವ ಎಣ್ಣೆ ಹಚ್ಚಿದರೆ ನೋವು ಇಳಿಯುತ್ತದೆಂದು ಅರ್ಧ ಬಂಗಾಳಿ, ಅರ್ಧ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು.